ಅತ್ತೆಯ ಹತ್ತು ಬೆರಳು

ಸೋಮವಾರ ಬೆಳಿಗ್ಗೆ ಮಕ್ಕಳ ಉಗುರು ನೋಡದೆ ನಾನು ಹಾಜರಿ ಪುಸ್ತಕ ತೆರೆಯುವುದಿಲ್ಲ. ಇಪ್ಪತ್ತೆಂಟು ವರ್ಷದ ಮೇಷ್ಟ್ರಿಕೆಯಲ್ಲಿ ಬಂದ ರೋಗ ಇದು. ಕೊಳೆ ಕಂಡರೆ ಕೈ ಸುಮ್ಮನಿರುವುದಿಲ್ಲ, ತಪ್ಪು ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ಆ ವರ್ಷ ಅತ್ತೆಯ ಮಸ್ಟರಿಂಗ್ ಪುರಾಣದಲ್ಲಿ ಈ ಎರಡೂ ಸೇರಿ ನನಗೆ ಸರಿಯಾಗಿ ಬುದ್ಧಿ ಕಲಿಸಿದವು.

ನಮ್ಮದು ವರ್ಕಾಡಿಯ ಕಡೆ, ಗಡಿಯ ಆಚೆ ಮಲಯಾಳದವರ ಆಡಳಿತಕ್ಕೆ ಸೇರಿದ ಕನ್ನಡದ ಊರು. ಅತ್ತೆ ಹದಿನಾಲ್ಕನೇ ವಯಸ್ಸಿನಿಂದ ಎಪ್ಪತ್ತರವರೆಗೆ ಬೀಡಿ ಕಟ್ಟಿದವರು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ ಮತ್ತು ಹೊಗೆಸೊಪ್ಪು, ಕೈಯಲ್ಲಿ ಕತ್ತರಿ. ನಾನು ಮದುವೆಯಾಗಿ ಬಂದಾಗ ನೋಡಿದ ಮೊದಲ ಚಿತ್ರ ಅದೇ. ಮಾತಾಡುತ್ತಿದ್ದರೂ, ಬೈಯುತ್ತಿದ್ದರೂ, ಜ್ವರದಲ್ಲಿ ನರಳುತ್ತಿದ್ದರೂ ಬೆರಳು ಮಾತ್ರ ಎಲೆ ಸುರುಳಿ ಸುತ್ತುತ್ತಲೇ ಇರುತ್ತಿತ್ತು. ಕೆಮ್ಮು ಹೆಚ್ಚಾಗಿ ಡಾಕ್ಟರು ಖಡಾಖಂಡಿತ ಬೇಡ ಎಂದ ಮೇಲೆ ಗೆರಸೆ ಅಟ್ಟ ಸೇರಿತು. ಅಲ್ಲಿಂದ ಮುಂದೆ ಅವರ ಕೈಗೆ ತಮ್ಮದು ಎಂದು ಬರುತ್ತಿದ್ದುದು ಸರಕಾರದ ವಿಧವಾ ಪಿಂಚಣಿ ಒಂದೇ. ವೀಳ್ಯದೆಲೆ, ಕೆಮ್ಮಿನ ಕಷಾಯ, ಮೊಮ್ಮಕ್ಕಳ ಕೈಗೆ ಹಬ್ಬದಲ್ಲಿ ಇಡುವ ನೋಟು ಎಲ್ಲವೂ ಅದರಿಂದಲೇ. ನನ್ನ ಸಂಬಳದಿಂದ ಒಂದು ಅಡಿಕೆ ಹೋಳನ್ನೂ ಅವರು ಕೇಳಿದವರಲ್ಲ. ಕೇಳಬೇಕಾಗಿ ಬರಬಾರದು ಎಂಬುದೇ ಅವರ ದೊಡ್ಡ ಹಟ.

ಆ ಪಿಂಚಣಿ ಮುಂದುವರಿಯಬೇಕಾದರೆ ವರ್ಷಕ್ಕೊಮ್ಮೆ ಮಸ್ಟರಿಂಗ್ ಮಾಡಿಸಬೇಕು. ಅಂದರೆ ಸರಕಾರಿ ಕೆಲಸಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ, ಆಧಾರ್ ನಂಬರ್ ಕೊಟ್ಟು, ಯಂತ್ರದ ಮೇಲೆ ಬೆರಳಿಟ್ಟು, ನಾನಿನ್ನೂ ಬದುಕಿದ್ದೇನೆ ಎಂದು ತೋರಿಸಬೇಕು. ಗಡುವಿನೊಳಗೆ ಆಗದಿದ್ದರೆ ಪಿಂಚಣಿ ನಿಲ್ಲುತ್ತದೆ. ಹಿಂದಿನ ವರ್ಷಗಳಲ್ಲಿ ಹತ್ತಾರು ಸಲ ಒತ್ತಿ, ಒರೆಸಿ, ಮತ್ತೆ ಒತ್ತಿ ಹೇಗೋ ಒಂದು ಬೆರಳು ಹಿಡಿದುಬಿಡುತ್ತಿತ್ತು. ಆ ವರ್ಷ ಹಿಡಿಯಲಿಲ್ಲ.

ಅಕ್ಷಯ ಕೇಂದ್ರದಲ್ಲಿ ಕೂತಿದ್ದವಳು ಮಲಯಾಳ ಮನೆಮಾತಿನ ಹುಡುಗಿ. ಕನ್ನಡ ಮಾತಾಡುತ್ತಾಳೆ, ಸ್ವಲ್ಪ ತಡವರಿಸಿ. ಅತ್ತೆಯ ಬಲಗೈ ಹೆಬ್ಬೆರಳು ಇಟ್ಟಳು. ಇಲ್ಲ. ತೋರುಬೆರಳು. ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದೊಂದಾಗಿ ಹತ್ತನ್ನೂ ನೋಡಿದಳು. ಯಂತ್ರದ ಕೆಂಪು ಬೆಳಕು ಹತ್ತಿ ಆರುವುದಷ್ಟೇ ಆಯಿತು. ಆಮೇಲೆ ಕಣ್ಣಿನ ಪಾಪೆ ಹಿಡಿಯುವ ಇನ್ನೊಂದು ಯಂತ್ರ ತಂದಳು. ಅತ್ತೆಯ ಒಂದು ಕಣ್ಣಿಗೆ ದಪ್ಪ ಪೊರೆ, ಇನ್ನೊಂದರ ರೆಪ್ಪೆ ಜೋತು ಅರ್ಧ ಕಣ್ಣೇ ಕಾಣುವುದಿಲ್ಲ. ಅದೂ ಆಗಲಿಲ್ಲ.

“ನನ್ನ ಮೊಬೈಲಿಗೆ ಓಟಿಪಿ ಬರ್ಲಿ. ಅದರಲ್ಲಿ ಮಾಡು,” ಎಂದೆ.

“ಮಸ್ಟರಿಂಗಿಗೆ ಓಟಿಪಿ ಇಲ್ಲ ಟೀಚರೇ. ಬೆರಳು ಇಲ್ಲದಿದ್ರೆ ಕಣ್ಣು. ಅದು ಎರಡೂ ಆಗದಿದ್ರೆ...”

“ಆಗದಿದ್ರೆ ಎಂತ? ಪಿಂಚಣಿ ಕಟ್? ಮನುಷ್ಯರು ನಿನ್ನೆದುರು ಕೂತಿದ್ದಾರೆ, ಉಸಿರಾಡ್ತಾ ಇದ್ದಾರೆ, ನಿನಗೆ ಕಾಣುದಿಲ್ವಾ?”

ಹುಡುಗಿ ಬಾಯಿ ಮುಚ್ಚಿಕೊಂಡಳು. ಕ್ಲಾಸಿನಲ್ಲಿ ಮಕ್ಕಳು ಮುಚ್ಚಿಕೊಳ್ಳುತ್ತಾರಲ್ಲ, ಹಾಗೆ. ಸಾಲಿನಲ್ಲಿದ್ದ ಯಾರೋ ಹಿಂದಿನಿಂದ ಆಧಾರಿನಲ್ಲಿರುವ ಬೆರಳಚ್ಚು ಹಳೆಯದಾಯಿತು, ಅದನ್ನು ಹೊಸದು ಮಾಡಿಸಿ, ಮಂಗಳೂರಿನಲ್ಲಿ ಆನ್‌ಲೈನ್ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೋದರೆ ಅರ್ಧ ಗಂಟೆಯ ಕೆಲಸ ಎಂದರು. ಅದನ್ನು ಮಾತ್ರ ಕಿವಿಗೆ ಹಾಕಿಕೊಂಡು ಅತ್ತೆಯನ್ನು ಎಬ್ಬಿಸಿದೆ. ಗಡುವಿಗೆ ಇನ್ನೂ ಐದು ವಾರ ಇತ್ತು. ಬೇಕಾದಷ್ಟು ಸಮಯ ಉಂಟು ಎಂದುಕೊಂಡೆ.

ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಹತ್ತು ದಿನ ಬಿಟ್ಟು, ಬೆಳಿಗ್ಗೆ ಹತ್ತೂವರೆಗೆ. ನನ್ನ ಗಂಡನಿಗೆ ಆಫೀಸು ಎಂದರೆ ಮೈ ಬಿಸಿಯಾಗುತ್ತದೆ, ಆದ್ದರಿಂದ ಇಂಥ ಕೆಲಸಗಳು ಮೊದಲಿನಿಂದಲೂ ನನ್ನವೇ. ನಾನು ತಯಾರಿ ಮಾಡುವ ಹೆಂಗಸು. ಆಧಾರ್, ರೇಷನ್ ಕಾರ್ಡ್, ವೋಟರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಪಿಂಚಣಿ ಮಂಜೂರಾದ ಕಾಗದ, ಮಾವನವರ ಮರಣ ಪತ್ರ, ನಾಲ್ಕು ಫೋಟೋ. ಎಲ್ಲದಕ್ಕೂ ಮೂರು ಮೂರು ಝೆರಾಕ್ಸ್. ಅವಕ್ಕೆಲ್ಲ ನಮ್ಮ ಹೆಡ್‌ಮಾಸ್ಟರರ ಸಹಿ, ಮೊಹರು. ಮಲಯಾಳದಲ್ಲಿದ್ದ ಎರಡು ಕಾಗದ ಮಂಗಳೂರಿನವರಿಗೆ ಅರ್ಥವಾಗದೇ ಹೋದರೆ ಎಂದು ಅವುಗಳನ್ನು ಶಾಲೆಯ ಮಲಯಾಳ ಟೀಚರಿಂದ ಓದಿಸಿ, ಸಾರಾಂಶವನ್ನು ಕನ್ನಡದಲ್ಲಿ ಬೇರೆ ಬರೆದು ಪಿನ್ ಹೊಡೆದೆ. ಬಟ್ಟೆ ಚೀಲ ಹೆರಿಗೆಗೆ ಆಸ್ಪತ್ರೆಗೆ ಹೊರಟವರ ಚೀಲದಷ್ಟು ದಪ್ಪವಾಯಿತು.

ಹೊರಡುವ ಹಿಂದಿನ ಸಂಜೆ ನನ್ನ ಕಣ್ಣು ಅತ್ತೆಯ ಕೈ ಮೇಲೆ ಬಿತ್ತು. ಬೀಡಿ ಬಿಟ್ಟು ವರ್ಷಗಳಾದರೂ ಹೆಬ್ಬೆರಳು, ತೋರುಬೆರಳಿನ ಬದಿಗಳಲ್ಲಿ ಆ ಕಂದು ಬಣ್ಣ ಹಾಗೆಯೇ ಕೂತಿತ್ತು. ಅದರ ಮೇಲೆ ಎಲೆ ಅಡಿಕೆಯ ಕಲೆ ಬೇರೆ. ಓಹೋ, ಇದೇ ಕಾರಣ ಎಂದು ನನಗೆ ಹೊಳೆಯಿತು. ಕೊಳೆ ಇರುವ ಕೈಯನ್ನು ಯಂತ್ರ ಹೇಗೆ ಓದುತ್ತದೆ? ಬಾವಿಕಟ್ಟೆಯ ಹತ್ತಿರ ಅವರನ್ನು ಕೂರಿಸಿ ಅರ್ಧ ಲಿಂಬೆಹುಳಿ, ಬಟ್ಟೆ ಒಗೆಯುವ ಪುಡಿ, ತೆಂಗಿನ ನಾರು ತೆಗೆದುಕೊಂಡು ಶುರು ಮಾಡಿದೆ.

“ಸಾಕು ಮಾರಾಯ್ತಿ, ಉರೀತದೆ,” ಎಂದರು ಅತ್ತೆ.

“ಸ್ವಲ್ಪ ತಡ್ಕೊಳ್ಳಿ ಅತ್ತೆ. ಆಫೀಸಿಗೆ ಹೋಗ್ಲಿಕ್ಕೆ ಉಂಟು ನಾಳೆ.”

ಹತ್ತು ಬೆರಳನ್ನೂ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೆ. ಕಲೆ ನಿಜಕ್ಕೂ ಹೋಯಿತು. ತುದಿಗಳು ಎಳೆ ಮಗುವಿನ ಬೆರಳಿನಂತೆ ಕೆಂಪಗೆ, ನುಣ್ಣಗೆ ಆದವು. ನನಗೆ ಎಂಥ ಸಮಾಧಾನ! ಅವರು ರಾತ್ರಿ ಗಂಜಿಯನ್ನು ಚಮಚದಲ್ಲಿ ಉಂಡರು. ಉಪ್ಪಿನಕಾಯಿ ಮುಟ್ಟಲಾಗುವುದಿಲ್ಲ ಎಂದಾಗಲೂ ನನ್ನ ತಲೆಗೆ ಹೊಳೆಯಬೇಕಾದ್ದು ಹೊಳೆಯಲಿಲ್ಲ.

ಮರುದಿನ ಶಾಲೆಗೆ ರಜೆ ಹಾಕಿ, ಮೊದಲ ಬಸ್ಸಿನಲ್ಲಿ ತಲಪಾಡಿ ದಾಟಿ, ಇನ್ನೊಂದು ಬಸ್ಸು ಹತ್ತಿ, ರಿಕ್ಷಾ ಹಿಡಿದು ಹೋದೆವು. ಹತ್ತೂವರೆಯ ಅಪಾಯಿಂಟ್‌ಮೆಂಟಿಗೆ ಹನ್ನೆರಡೂಕಾಲಿಗೆ ಕರೆದರು. ಎಸಿಯ ತಂಪಿಗೆ ಅತ್ತೆ ಸೆರಗು ಹೊದ್ದು ಮುದುಡಿ ಕೂತಿದ್ದರು. ಕೌಂಟರಿನಲ್ಲಿದ್ದ ಯುವಕನ ಎದುರು ನಾನು ಚೀಲ ಬಿಚ್ಚಿ ಕಾಗದಗಳನ್ನು ಸಾಲಾಗಿ ಜೋಡಿಸತೊಡಗಿದೆ.

“ಎಂತ ಚೇಂಜ್ ಮಾಡ್ಲಿಕ್ಕೆ ಉಂಟು? ಹೆಸರಾ? ಅಡ್ರೆಸ್ಸಾ?”

“ಬೆರಳಚ್ಚು ಮಾತ್ರ.”

“ಹಾಗಾದ್ರೆ ಆಧಾರ್ ಕಾರ್ಡ್ ಮತ್ತೆ ಅಪಾಯಿಂಟ್‌ಮೆಂಟ್ ಸ್ಲಿಪ್ ಸಾಕು. ಬಯೋಮೆಟ್ರಿಕ್ ಅಪ್‌ಡೇಟಿಗೆ ಬೇರೆ ಡಾಕ್ಯುಮೆಂಟ್ ಬೇಡ. ಮನುಷ್ಯರು ಬಂದ್ರೆ ಆಯ್ತು.”

“ಹೆಡ್‌ಮಾಸ್ಟರರ ಸಹಿ ಹಾಕಿಸಿದ್ದೇನೆ,” ಎಂದೆ. ಅವನು ನನ್ನನ್ನು ಕರುಣೆಯಿಂದ ನೋಡಿದ. ಮೂರು ಮೂರು ಪ್ರತಿಗಳನ್ನು ಮತ್ತೆ ಚೀಲಕ್ಕೆ ತುಂಬುವಾಗ ನನಗೆ ಯಾರ ಮೇಲೆ ಸಿಟ್ಟು ಬಂತು ಎಂದು ನನಗೇ ಗೊತ್ತಿಲ್ಲ.

ಮೊದಲು ಎಡಗೈಯ ನಾಲ್ಕು ಬೆರಳು ಒಟ್ಟಿಗೆ, ಆಮೇಲೆ ಬಲಗೈಯ ನಾಲ್ಕು, ಕೊನೆಗೆ ಎರಡೂ ಹೆಬ್ಬೆರಳು. ಪರದೆಯ ಮೇಲೆ ಬೆರಳುಗಳ ಚಿತ್ರ ಮೂಡಿತು, ಸುತ್ತ ಕೆಂಪು. ಯುವಕ ಗಾಜು ಒರೆಸಿದ, ಅತ್ತೆಯ ಬೆರಳು ಒರೆಸಿದ, ಮೇಲಿನಿಂದ ಮೆಲ್ಲಗೆ ಅದುಮಿದ. ಮತ್ತೆ ಕೆಂಪು. ಅವನು ಅತ್ತೆಯ ಅಂಗೈ ತಿರುಗಿಸಿ ಬೆಳಕಿಗೆ ಹಿಡಿದ.

“ಇದು ಎಂತ ಅಜ್ಜಿ, ಬೆರಳು ಹೀಗೆ ಸಿಪ್ಪೆ ಎದ್ದಿದೆ? ಬಿಸಿ ತಾಗಿದ್ದಾ?”

ಅತ್ತೆ ನನ್ನ ಕಡೆ ನೋಡಲೂ ಇಲ್ಲ. “ಅಡಿಗೆ ಕೆಲಸದಲ್ಲಿ ಹಾಗೆ ಆಗ್ತದೆ ಮಗಾ,” ಎಂದರು.

ಅವರು ಅಡಿಗೆಮನೆ ನನಗೆ ಬಿಟ್ಟುಕೊಟ್ಟು ಹನ್ನೆರಡು ವರ್ಷವಾಗಿತ್ತು. ನನ್ನ ಮುಖ ಕಾದ ಹಂಚಾಯಿತು. “ನಾನೇ ತಿಕ್ಕಿದ್ದು. ಬೀಡಿಯ ಕಲೆ ಇತ್ತು,” ಎಂದೆ.

“ಅಯ್ಯೋ ಮೇಡಂ, ಕಲೆ ಇದ್ರೆ ಮೆಷೀನಿಗೆ ಎಂತ ತೊಂದ್ರೆ? ಅದಕ್ಕೆ ಬೇಕಾದ್ದು ಗೆರೆ. ಬೀಡಿ ಕಟ್ಟಿದವರಿಗೆ, ಅಡಿಕೆ ಸುಲಿಯುವವರಿಗೆ ಗೆರೆ ಮೊದಲೇ ಸವೆದಿರ್ತದೆ. ಉಳಿದ ಚೂರನ್ನೂ ನೀವು ತಿಕ್ಕಿದ್ದೀರಿ. ಬರುವ ಮೊದಲು ನಾಲ್ಕೈದು ದಿನ ರಾತ್ರಿ ತೆಂಗಿನೆಣ್ಣೆಯೋ ವ್ಯಾಸಲೀನೋ ಹಚ್ಚಿ ಮಲಗ್ಬೇಕು. ಬೆಳಿಗ್ಗೆ ಬರೀ ಸೋಪಿನಲ್ಲಿ ತೊಳೆದು ಒರೆಸಿ ಬರ್ಬೇಕು. ಅಷ್ಟೇ. ಗಾಯ ಇದ್ರೆ ಮಾಗುವ ತನಕ ಬರುದೇ ಬೇಡ.”

ಹತ್ತು ದಿನ ಇತ್ತು ನನ್ನ ಕೈಯಲ್ಲಿ. ಹತ್ತು ದಿನವೂ ಝೆರಾಕ್ಸ್ ಮಾಡಿಸಿದ್ದೆ. ಎಣ್ಣೆ ಬಾಟಲಿ ಅಡಿಗೆಮನೆಯ ಕಿಟಕಿಯಲ್ಲೇ ಇತ್ತು.

ಬೆರಳು ಓದದವರಿಗೆ ಬೇರೆ ದಾರಿ ಇಲ್ಲವೇ ಎಂದು ಕೇಳಿದೆ. ಬೆರಳೇ ಇಲ್ಲದವರಿಗೆ ಉಂಟು, ಅಂಥವರ ಕೈ ಮತ್ತು ಮುಖ ಸೇರಿಸಿ ಫೋಟೋ ತೆಗೆದು ಹಾಕುತ್ತೇವೆ ಎಂದ. ಅತ್ತೆಗೆ ಹತ್ತೂ ಇವೆಯಲ್ಲ. ಇರುವ ಬೆರಳಿಗೆ ನಾಲ್ಕು ಸಲ ಪ್ರಯತ್ನ, ಆಗಲೂ ಬರದಿದ್ದರೆ ಅವುಗಳಲ್ಲಿ ಚೆನ್ನಾಗಿರುವುದನ್ನು ಯಂತ್ರವೇ ಇಟ್ಟುಕೊಂಡು ಮುಂದೆ ಹೋಗುತ್ತದೆ, ಮೇಲಿನವರು ಒಪ್ಪಬಹುದು, ಒಪ್ಪದೆಯೂ ಇರಬಹುದು. ಇಷ್ಟನ್ನು ಅವನು ತಾಳ್ಮೆಯಿಂದಲೇ ಹೇಳಿದ. ಅವನ ಮೇಲೆ ಕೂಗಾಡಲು ನನಗೊಂದು ನೆವವೂ ಸಿಗಲಿಲ್ಲ, ಅದೇ ಇನ್ನಷ್ಟು ಉರಿ.

ನಾಲ್ಕು ಸಲವೂ ಆಯಿತು. ಕಣ್ಣಿನದೂ ಹೇಗೋ ಒಂದಿಷ್ಟು ತೆಗೆದ. ಫೋಟೋ ತೆಗೆಯುವಾಗ ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ರಶೀದಿ ಕೊಟ್ಟು, ಇದರಲ್ಲಿರುವ ನಂಬರ್ ಹಾಕಿ ಆನ್‌ಲೈನಿನಲ್ಲಿ ನೋಡುತ್ತಿರಿ ಎಂದ. ಬಸ್ಸಿನಲ್ಲಿ ಅತ್ತೆ ಎರಡೂ ಅಂಗೈಯನ್ನು ಮೇಲೆ ಮಾಡಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ನೋವಾ ಎಂದು ಕೇಳಿದೆ. ಇಲ್ಲ, ಗಾಳಿ ಚೆನ್ನಾಗಿದೆ ಎಂದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ರಾತ್ರಿಯಿಂದ ನಾನು ಅವರ ಬೆರಳಿಗೆ ಎಣ್ಣೆ ಹಚ್ಚತೊಡಗಿದೆ. ದಿನಾ ಮೊಬೈಲಿನಲ್ಲಿ ರಶೀದಿಯ ನಂಬರ್ ಹಾಕಿ ನೋಡುತ್ತಿದ್ದೆ. ಪರಿಶೀಲನೆಯಲ್ಲಿದೆ, ಪರಿಶೀಲನೆಯಲ್ಲಿದೆ. ಹದಿನೇಳನೇ ದಿನ ಶಾಲೆಯ ಊಟದ ಹೊತ್ತಿನಲ್ಲಿ ನೋಡಿದರೆ, ಬೆರಳಚ್ಚಿನ ಗುಣಮಟ್ಟ ಸಾಲದು, ತಿರಸ್ಕರಿಸಲಾಗಿದೆ ಎಂದು ಬಂದಿತ್ತು. ಗಡುವಿಗೆ ಉಳಿದದ್ದು ಎಂಟೇ ದಿನ. ಮತ್ತೊಂದು ಅಪಾಯಿಂಟ್‌ಮೆಂಟ್, ಮತ್ತೊಂದು ಹದಿನೇಳು ದಿನ ಎಲ್ಲಿಂದ ತರುವುದು? ಮನೆಗೆ ಬಂದು ಅತ್ತೆಗೆ ಹೇಳಿದೆ.

ಅವರು, “ನಿಂತ್ರೆ ನಿಲ್ತದೆ. ಎಲೆ ಅಡಿಕೆ ಬಿಟ್ಟರಾಯ್ತು,” ಎಂದು ಎದ್ದು ಹೋದರು. ಕಷಾಯದ ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಅಂದಿನಿಂದ ಎರಡು ಹೊತ್ತಿನ ಬದಲು ಒಂದೇ ಹೊತ್ತು ಕುಡಿಯುವುದನ್ನು ಕಂಡೆ. ರಾತ್ರಿಯಿಡೀ ಕೆಮ್ಮು. ಅದನ್ನು ಕೇಳುತ್ತಾ ಮಲಗಿದ ನನಗೆ ಆದ ಸಂಕಟಕ್ಕೆ ಕೊನೆಯೇ ಇರಲಿಲ್ಲ. ನಾನು ತಂದುಕೊಟ್ಟರೆ ಕುಡಿಯುವುದಿಲ್ಲ, ಅವರ ದುಡ್ಡು ನಿಲ್ಲುವ ಹಾಗೆ ಮಾಡಿದವಳು ನಾನೇ.

ಎರಡು ದಿನ ಬಿಟ್ಟು ಮತ್ತೆ ಅದೇ ಅಕ್ಷಯ ಕೇಂದ್ರಕ್ಕೆ ಹೋದೆವು. ಬೆರಳಿನ ಸಿಪ್ಪೆ ಹೋಗಿ ಚರ್ಮ ಮೃದುವಾಗಿತ್ತು, ಒಂದು ಆಸೆ. ಹುಡುಗಿ ಹತ್ತನ್ನೂ ಇಟ್ಟು ನೋಡಿದಳು. ಎಡಗೈಯ ಉಂಗುರದ ಬೆರಳಿಗೆ ಯಂತ್ರ ಅರೆಕ್ಷಣ ಯೋಚನೆ ಮಾಡಿ ಒಲ್ಲೆ ಎಂದಿತು. ಕಣ್ಣೂ ಆಗಲಿಲ್ಲ. ನಾನು ಈ ಸಲ ಕೂಗಲಿಲ್ಲ, ಕೂಗುವ ಶಕ್ತಿಯೂ ಇರಲಿಲ್ಲ. “ಇನ್ನು ಎಂತ ಮಾಡುದು ಮಗಾ?” ಎಂದು ಕೇಳಿದೆ.

ಅವಳು ಕಂಪ್ಯೂಟರಿನಿಂದ ಒಂದು ಕಾಗದ ಮುದ್ರಿಸಿ ಕೊಟ್ಟಳು. “ಮಸ್ಟರಿಂಗ್ ಫೇಲ್ ಅಂತ ಇದರಲ್ಲಿ ಉಂಟು. ಇದು ಹಿಡ್ಕೊಂಡು ಪಂಚಾಯತಿಗೆ ಹೋಗಿ. ಅಲ್ಲಿ ಲೈಫ್ ಸರ್ಟಿಫಿಕೇಟ್ ಕೊಟ್ರೆ ಆಯ್ತು. ಅಜ್ಜಿಯನ್ನೂ ಕರ್ಕೊಂಡು ಹೋಗಿ, ಆಧಾರ್ ಇರ್ಲಿ.”

“ಇಷ್ಟೇಯಾ?”

“ಇಷ್ಟೇ ಟೀಚರೇ.”

“ಮತ್ತೆ ಮೊದಲ ದಿವಸವೇ ಯಾಕೆ ಹೇಳ್ಲಿಲ್ಲ?”

ಹುಡುಗಿ ತಲೆ ತಗ್ಗಿಸಿದಳು. “ಹೇಳ್ಲಿಕ್ಕೆ ಹೊರಟಿದ್ದೆ. ನೀವು ಬಿಡ್ಲಿಲ್ಲ.”

ಅವಳ ಹಿಂದಿನ ಗೋಡೆಯಲ್ಲಿ ದೊಡ್ಡ ಅಕ್ಷರದ ಮಲಯಾಳ ನೋಟೀಸು ಅಂಟಿಸಿತ್ತು. ಎರಡೂ ಸಲ ನನ್ನ ಮುಖದೆದುರೇ ಇತ್ತು. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡ ಮಾಧ್ಯಮದಲ್ಲೇ ಕಲಿಸುವ ನನಗೆ ಮಲಯಾಳದ ಬಸ್ಸಿನ ಬೋರ್ಡು ಓದಲು ಬರುತ್ತದೆ, ಸರಕಾರದ ವಾಕ್ಯ ಓದಲು ಬರುವುದಿಲ್ಲ. ಏನು ಬರೆದಿದೆ ಎಂದು ಅವಳಿಂದಲೇ ಓದಿಸಿದೆ. ಬೆರಳಚ್ಚು, ಕಣ್ಣು ಎರಡೂ ವಿಫಲವಾದವರು ಪಂಚಾಯತಿಗೆ ಜೀವಂತ ಪ್ರಮಾಣಪತ್ರ ಕೊಟ್ಟರೆ ಸಾಕು, ಹಾಸಿಗೆ ಹಿಡಿದವರಿದ್ದರೆ ಕೇಂದ್ರಕ್ಕೆ ತಿಳಿಸಿ, ಮನೆಗೇ ಬಂದು ಮಾಡುತ್ತಾರೆ. ಇಷ್ಟು ಕನ್ನಡದವರು ಇರುವ ಊರಿನಲ್ಲಿ ಎರಡು ಸಾಲು ಕನ್ನಡದಲ್ಲಿ ಬರೆದು ಅಂಟಿಸಲು ಇವರಿಗೆ ಏನು ಕಷ್ಟ ಎಂದು ಮೈಯೆಲ್ಲ ಉರಿಯಿತು. ಈಗ ನೆನೆದರೂ ಉರಿಯುತ್ತದೆ. ಆದರೆ ಓದಿ ಹೇಳು ಎಂದು ಮೊದಲ ದಿನವೇ ಕೇಳಬಹುದಿತ್ತಲ್ಲ ಎಂಬುದೂ ಅದರ ಜೊತೆಗೇ ಉರಿಯುತ್ತದೆ.

ಅಲ್ಲಿಂದ ನೇರ ಪಂಚಾಯತಿಗೆ. ಪಿಂಚಣಿಯ ವಿಭಾಗದಲ್ಲಿದ್ದ ಗುಮಾಸ್ತರು ಕಾಗದ ನೋಡಿದರು, ಆಧಾರಿನ ಫೋಟೋ ನೋಡಿದರು, ಅತ್ತೆಯ ಮುಖ ನೋಡಿದರು. ವಿಳಾಸ ಕೇಳಿದರು, ಮಾವನವರ ಹೆಸರು ಕೇಳಿದರು. ಅತ್ತೆ ಒಂದೊಂದಕ್ಕೂ ಸ್ಪಷ್ಟವಾಗಿ ಉತ್ತರ ಕೊಟ್ಟರು. ಐವತ್ತಾರು ವರ್ಷದ ಬೀಡಿ, ನಾಲ್ಕು ಬಸ್ಸು, ನಾಲ್ಕು ಸಲದ ಪ್ರಯತ್ನ, ಒಂದು ತಿರಸ್ಕಾರ ಎಲ್ಲ ಆದ ಮೇಲೆ, ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಮುಖ ನೋಡಿ ಹೌದು ಇವರು ಬದುಕಿದ್ದಾರೆ ಎಂದು ಒಪ್ಪಿದ್ದು ಏಳೆಂಟು ನಿಮಿಷದಲ್ಲಿ.

ಗುಮಾಸ್ತರು ಫಾರ್ಮು ತುಂಬಿಸಿ ಕೆಳಗೆ ಒಂದು ಗುರುತು ಹಾಕಿ, ಮಾತಿಲ್ಲದೆ ಶಾಯಿಯ ಡಬ್ಬಿಯನ್ನು ನಮ್ಮ ಕಡೆ ದೂಡಿದರು. ನಾನೂ ಮಾತಿಲ್ಲದೆ ಅತ್ತೆಯ ಎಡಗೈ ಹೆಬ್ಬೆರಳು ಹಿಡಿದೆ. ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಎಷ್ಟೋ ಸಲ ಹಾಗೆ ಹಿಡಿದು ಒತ್ತಿಸಿದ್ದೆ.

ಅತ್ತೆ ಕೈ ಎಳೆದುಕೊಂಡರು. ಮೆಲ್ಲಗಲ್ಲ, ಗಟ್ಟಿಯಾಗಿಯೇ.

“ಇದು ಯಾರಿಗೂ ಬೇಡದ ಬೆರಳು. ಪೆನ್ನು ಕೊಡಿ,” ಎಂದರು ಗುಮಾಸ್ತರಿಗೆ.

ಗುಮಾಸ್ತರು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನಿತ್ತೋ. ಪೆನ್ನು ಕೊಟ್ಟರು. ಅತ್ತೆ ಕುರ್ಚಿ ಹತ್ತಿರ ಎಳೆದುಕೊಂಡು, ಕಾಗದದ ಮೇಲೆ ಬಗ್ಗಿ, ಒಳ್ಳೆಯ ಕಣ್ಣಿನ ರೆಪ್ಪೆಯನ್ನು ಎಡಗೈಯಿಂದ ಮೇಲೆತ್ತಿ ಹಿಡಿದು, ತಮ್ಮ ಹೆಸರು ಬರೆದರು. ಕನ್ನಡದಲ್ಲಿ, ಮೂರು ಅಕ್ಷರ. ತಲೆಕಟ್ಟು ಸ್ವಲ್ಪ ಓರೆ, ಆದರೆ ಒತ್ತಕ್ಷರ ಎಲ್ಲಿರಬೇಕೋ ಅಲ್ಲೇ ಇತ್ತು.

“ಅತ್ತೆ, ನಿಮಗೆ ಬರೀಲಿಕ್ಕೆ ಬರ್ತದಾ?”

“ಸಾಕ್ಷರತಾ ಕ್ಲಾಸಿಗೆ ಹೋಗಿದ್ದೆ, ನೀನು ಬರುವ ಮುಂಚೆ. ಬೀಡಿ ಕೊಟ್ಟು ಬರುವಾಗ ಅಂಗನವಾಡಿಯಲ್ಲಿ ಕಲಿಸ್ತಿದ್ದರು.”

“ಇಷ್ಟು ವರ್ಷ ಹೇಳ್ಲೇ ಇಲ್ಲ ನೀವು!”

“ಎಲ್ಲಿ ಹೇಳುದು? ನೀನು ಟೀಚರ್. ಕಾಗದ ಬಂದ ಕೂಡ್ಲೇ ನನ್ನ ಬೆರಳು ಹಿಡೀತಿದ್ದಿ. ಕೇಳ್ಲಿಕ್ಕೆ ನಿನಗೆ ಪುರುಸೊತ್ತು ಇರ್ಲಿಲ್ಲ.”

ದೂರಿನ ದನಿಯೂ ಇರಲಿಲ್ಲ ಅದರಲ್ಲಿ. ಇದ್ದ ವಿಷಯ ಹೇಳಿದರು ಅಷ್ಟೇ. ಎಷ್ಟೋ ಮಕ್ಕಳಿಗೆ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ಇವರ ಕೈಯನ್ನೂ ಹಿಡಿದೇ ಇದ್ದೆ, ಶಾಯಿಗೆ ಅದ್ದಲಿಕ್ಕೆ. ನಾಚಿಕೆಯಿಂದ ಕಣ್ಣು ತುಂಬಿ ಬಂತು, ಸಾಲಿನಲ್ಲಿದ್ದವರು ನೋಡಿದರು, ನೋಡಲಿ.

ಗುಮಾಸ್ತರು ಫಾರ್ಮು ಮಗುಚಿ ಹಾಕಿ, “ಅಜ್ಜಿ, ಇಲ್ಲಿ ಇನ್ನೊಂದು,” ಎಂದರು.

ಅತ್ತೆ ಮತ್ತೆ ಬಗ್ಗಿದರು. ಮೊದಲ ಅಕ್ಷರಕ್ಕೇ ಬಹಳ ಹೊತ್ತು ಹಿಡಿಯಿತು. ಕಾಗದ ಜಾರುತ್ತಿತ್ತು, ನನ್ನ ಕೈ ತಾನಾಗಿ ಅದನ್ನು ಹಿಡಿಯಲು ಮುಂದೆ ಹೋಯಿತು. ಅತ್ತೆ ಅದನ್ನು ಎಡ ಮೊಣಕೈಯಿಂದ ತಾವೇ ಒತ್ತಿ ಹಿಡಿದುಕೊಂಡರು. ನಾನು ನನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವರು ಬರೆದು ಮುಗಿಸುವವರೆಗೆ ನಿಂತೆ.